ಹಂತ ಎರಡಕ್ಕೆ ಕಸಿ, ಹಂತ ಐದಕ್ಕೆ ಎಣ್ಣೆ

ಹೋದ ವರ್ಷ ದೀಪಾವಳಿಗೆ ನನ್ನ ಚಿಕ್ಕಪ್ಪನ ಮಗ ಮನೆಗೆ ಬಂದಾಗ ಕೈಯಲ್ಲಿ ಸಿಹಿ ಡಬ್ಬದ ಜೊತೆ ಒಂದು ಫೈಲೂ ಇತ್ತು. ನುಣುಪಾದ ಕಾಗದ, ಬಣ್ಣದ ಫೋಟೋಗಳು. ಅವನ ತಲೆಯ ಫೋಟೋ ಮೇಲೆ ಯಾರೋ ಸ್ಕೆಚ್ ಪೆನ್ನಲ್ಲಿ ಹೊಸ ಹೇರ್‌ಲೈನ್ ಎಳೆದಿದ್ದರು, ಹತ್ತನೇ ಕ್ಲಾಸಿನ ಹುಡುಗನಿಗೆ ಇರುವಂಥದ್ದು. ಕೆಳಗೆ ಬರೆದಿದ್ದು: ಗ್ರೇಡ್ 2ರಿಂದ 3, 2500 ಗ್ರಾಫ್ಟ್, ಇಎಂಐ ಲಭ್ಯ.

"ಅಣ್ಣಾ, ಈ ತಿಂಗಳು ಮಾಡಿಸಿದ್ರೆ ಆಫರ್ ಇದೆಯಂತೆ. ಲೇಟಾದ್ರೆ ಕೈ ಮೀರಿ ಹೋಗುತ್ತಂತೆ" ಅಂದ. ಅವನಿಗೆ 24 ವರ್ಷ.

ನಾನು ಏನೂ ಹೇಳದೆ ತಲೆ ಬಗ್ಗಿಸಿ ನನ್ನ ನೆತ್ತಿ ತೋರಿಸಿದೆ. ನನ್ನದು ಹಂತ ಐದು. ಅವನ ವಯಸ್ಸಿನಲ್ಲಿ ನಂದೂ ಎರಡೇ ಇತ್ತು. ಆಮೇಲಿನ ಏಳು ವರ್ಷ ನಾನು ಈರುಳ್ಳಿ ರಸ, ಭೃಂಗರಾಜದ ಎಣ್ಣೆ, ಬಯೋಟಿನ್ ಮಾತ್ರೆ, ಮತ್ತೆ "ಬೆಂಗಳೂರಿನ ಬೋರ್‌ವೆಲ್ ನೀರೇ ಸರಿ ಇಲ್ಲ" ಅನ್ನುವ ಸಿದ್ಧಾಂತದಲ್ಲಿ ಕಳೆದೆ. ಚರ್ಮದ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ 33 ಆಗಿತ್ತು. ಒಂದೇ ಮನೆತನದಲ್ಲಿ ಎರಡು ಥರದ ಮೂರ್ಖತನ ನೋಡಿ: ನಾನು ಔಷಧಿಗೆ ತಡವಾಗಿ ಹೋದೆ, ಅವನು ಕಸಿಗೆ ಬೇಗ ಹೊರಟಿದ್ದ. ಇಬ್ಬರಿಗೂ ಹಂತದ ನಂಬರ್ ಗೊತ್ತಿತ್ತು. ಅದನ್ನು ಓದುವುದು ಮಾತ್ರ ಗೊತ್ತಿರಲಿಲ್ಲ.

ಈ ನಂಬರ್ ಕ್ಲಿನಿಕ್‌ನವರು ಹುಟ್ಟಿಸಿದ್ದಲ್ಲ. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1951ರಲ್ಲಿ ಗಂಡಸರ ಬೋಳು ಹೇಗೆ ಹರಡುತ್ತದೆ ಅಂತ ವಿಂಗಡಿಸಿದರು. 1975ರಲ್ಲಿ ನಾರ್ವುಡ್ ಅದನ್ನು ತಿದ್ದಿ ಏಳು ಹಂತ ಮಾಡಿದರು. ಇವತ್ತಿಗೂ ಡಾಕ್ಟರುಗಳು ಬಳಸುವುದು ಅದನ್ನೇ. ಅದೊಂದು ನಕ್ಷೆ. ನಮ್ಮಲ್ಲಿ ಅದನ್ನು ಹೋಟೆಲಿನ ಮೆನು ಕಾರ್ಡ್ ಮಾಡಿಟ್ಟಿದ್ದಾರೆ: ಎರಡಕ್ಕೆ ಇಷ್ಟು ಗ್ರಾಫ್ಟ್, ಮೂರಕ್ಕೆ ಇಷ್ಟು, ಐದಕ್ಕೆ ಎರಡು ಸಿಟ್ಟಿಂಗ್.

ನಕ್ಷೆ ಓದುವುದು ಕಷ್ಟವೇನಲ್ಲ. ಮೊದಲು ಹುಬ್ಬು ಎತ್ತಿ. ಹಣೆಯಲ್ಲಿ ಗೆರೆಗಳು ಮೂಡುತ್ತವಲ್ಲ, ಎಲ್ಲಕ್ಕಿಂತ ಮೇಲಿನ ಗೆರೆಯಿಂದ ಒಂದು ಬೆರಳಿನಷ್ಟು ಮೇಲೆ ಕೂದಲು ಶುರುವಾದರೆ ಅದು ಬೋಳಿನ ಲಕ್ಷಣವೇ ಅಲ್ಲ. ಹದಿನೇಳರಿಂದ ಇಪ್ಪತ್ತರ ಕೊನೆಯೊಳಗೆ ಬಹುತೇಕ ಗಂಡಸರ ಹೇರ್‌ಲೈನ್ ಅಷ್ಟು ಹಿಂದೆ ಸರಿದು ನಿಲ್ಲುತ್ತದೆ. ಪಿಯುಸಿ ಐಡಿ ಕಾರ್ಡ್ ಪಕ್ಕ ಆಫೀಸ್ ಐಡಿ ಕಾರ್ಡ್ ಇಟ್ಟುಕೊಂಡು ಎದೆ ಒಡೆದುಕೊಳ್ಳುವ ಎಷ್ಟೋ ಹುಡುಗರ ಕಥೆ ಇಷ್ಟೇ.

ಇನ್ನು ಹಣೆಯ ಎರಡು ಮೂಲೆಗಳು. ಒಂದು ಕಿವಿಯ ತೂತಿನಿಂದ ನೇರ ಮೇಲಕ್ಕೆ, ತಲೆ ದಾಟಿ ಇನ್ನೊಂದು ಕಿವಿಯ ತೂತಿಗೆ ಒಂದು ದಾರ ಎಳೆದಿದ್ದೀರಿ ಅಂದುಕೊಳ್ಳಿ. ಮೂಲೆಯ ತ್ರಿಕೋನದ ತುದಿ ಆ ದಾರಕ್ಕೆ 2 ಸೆಂಟಿಮೀಟರ್‌ಗಿಂತ ದೂರದಲ್ಲೇ ನಿಂತಿದ್ದರೆ ಹಂತ ಎರಡು. ಅದಕ್ಕಿಂತ ಹತ್ತಿರ ಬಂದಿದ್ದರೆ ಮೂರು. ನಾರ್ವುಡ್ ಲೆಕ್ಕದಲ್ಲಿ ಬೋಳು ಅನ್ನಿಸಿಕೊಳ್ಳುವುದು ಮೂರರಿಂದ ಮಾತ್ರ.

ಆದರೆ ನಮ್ಮ ಕಣ್ಣೆಲ್ಲ ಮುಂದಿನ ಕನ್ನಡಿಯ ಮೇಲೆ. ನೆತ್ತಿ ನಮಗೆ ಕಾಣುವುದೇ ಇಲ್ಲ. ಹಂತ ಮೂರರಲ್ಲೇ ಒಂದು ಬೇರೆ ಬಗೆ ಇದೆ: ಮುಂದೆ ಅಷ್ಟೇನೂ ಹೋಗಿರುವುದಿಲ್ಲ, ಹಿಂದೆ ಸುಳಿಯ ಸುತ್ತ ಬಯಲು ತೆರೆದುಕೊಂಡಿರುತ್ತದೆ. ನಾಲ್ಕರಲ್ಲಿ ಮುಂದಿನದೂ ನೆತ್ತಿಯದೂ ಎರಡೂ ದೊಡ್ಡದಾಗುತ್ತವೆ, ಆದರೆ ನಡುವೆ ಅಡ್ಡಲಾಗಿ ಕೂದಲಿನ ಒಂದು ಸೇತುವೆ ಗಟ್ಟಿಯಾಗಿ ಉಳಿದಿರುತ್ತದೆ. ಐದರಲ್ಲಿ ಆ ಸೇತುವೆ ಸವೆಯುತ್ತದೆ, ಆರರಲ್ಲಿ ಮುರಿಯುತ್ತದೆ. ಏಳಕ್ಕೆ ಉಳಿಯುವುದು ಕಿವಿಯಿಂದ ಕಿವಿಗೆ ಒಂದು ಕುದುರೆ ಲಾಳ. ಹಾಗಾಗಿ ನಾಲ್ಕು ದಾಟುತ್ತಿದ್ದೀರಾ ಅಂತ ತಿಳಿಯಬೇಕಾದರೆ ನೋಡಬೇಕಾದ್ದು ಹಣೆಯನ್ನಲ್ಲ, ಆ ಸೇತುವೆಯನ್ನು. (ಆಫೀಸ್ ಲಿಫ್ಟಿನ ಸಿಸಿಟಿವಿಯಲ್ಲಿ ನಿಮ್ಮ ನೆತ್ತಿ ನೋಡಿ ಬೆಚ್ಚಿದ್ದರೆ ಸ್ವಲ್ಪ ಸಮಾಧಾನ ಮಾಡಿಕೊಳ್ಳಿ. ತಲೆ ಮೇಲೆ ನೇರ ಲೈಟ್ ಬಿದ್ದರೆ, ಕೂದಲು ಒದ್ದೆ ಇದ್ದರೆ, ಸುಳಿ ಇರುವ ಯಾರ ತಲೆಯಾದರೂ ಬಯಲಾಗೇ ಕಾಣುತ್ತದೆ.)

ಇಷ್ಟೆಲ್ಲ ಓದಿದರೂ ಸಿಗುವುದು ಇವತ್ತಿನ ಒಂದು ಫೋಟೋ ಮಾತ್ರ. ನನ್ನ ಜಗಳ ಇರುವುದು ಇಲ್ಲೇ. 24ಕ್ಕೆ ಹಂತ ಮೂರು ಮತ್ತು 40ಕ್ಕೆ ಹಂತ ಮೂರು ಒಂದೇ ಅಲ್ಲ. ಮೊದಲನೆಯವನು ಓಡುತ್ತಿದ್ದಾನೆ, ಎರಡನೆಯವನು ನಿಂತಿದ್ದಾನೆ. ಯಾವ ಚಿಕಿತ್ಸೆಗೆ ಯಾವಾಗ ಹೋಗಬೇಕು ಅನ್ನುವುದನ್ನು ನಂಬರಿನ ಜೊತೆ ವೇಗವನ್ನೂ ನೋಡಿ ತೀರ್ಮಾನಿಸಬೇಕು. ವೇಗ ಬೇಕಾದರೆ ಎರಡು ಫೋಟೋ ಬೇಕು, ನಡುವೆ ತಿಂಗಳುಗಳು ಬೇಕು. ಇದನ್ನು ಹೇಳಿದರೆ ಆಫರ್ ಮುಗಿದುಹೋಗುತ್ತದಲ್ಲ, ಅದಕ್ಕೇ ಯಾರೂ ಹೇಳುವುದಿಲ್ಲ.

"ಲೇಟಾದ್ರೆ ಕೈ ಮೀರುತ್ತೆ" ಅನ್ನುವ ಮಾತು ಸುಳ್ಳಲ್ಲ. ಅದು ಔಷಧಿಗೆ ಸೇರಿದ ಮಾತು. ಅಲ್ಲಿಂದ ಕಿತ್ತು ತಂದು ಕತ್ತರಿಗೆ ಅಂಟಿಸಿದ್ದಾರೆ, ಅಷ್ಟೇ.

ಗಂಡಸರ ಈ ಬಗೆಯ ಬೋಳಿನಲ್ಲಿ ಕೂದಲು ಒಂದೇ ಸಲ ಬಿದ್ದುಹೋಗುವುದಿಲ್ಲ. ಡಿಎಚ್‌ಟಿ ಅನ್ನುವ ಹಾರ್ಮೋನಿನ ಪ್ರಭಾವಕ್ಕೆ ಸಿಕ್ಕ ಬೇರು ಪ್ರತಿ ಸುತ್ತಿನಲ್ಲೂ ಮೊದಲಿಗಿಂತ ತೆಳ್ಳಗಿನ, ಗಿಡ್ಡ ಕೂದಲನ್ನು ಬೆಳೆಸುತ್ತದೆ. ಕೊನೆಗೆ ಎಳೆಗೂಸಿನ ರೋಮದಂಥದ್ದು ಉಳಿಯುತ್ತದೆ. ಹಾಗಾಗಿ ದಿಂಬಿನ ಮೇಲೆ ಎಷ್ಟು ಬಿತ್ತು ಅಂತ ಎಣಿಸಿ ಪ್ರಯೋಜನವಿಲ್ಲ. ಆರೋಗ್ಯವಂತರಿಗೂ ದಿನಕ್ಕೆ 50ರಿಂದ 100 ಬೀಳುತ್ತವೆ. ನೋಡಬೇಕಾದ್ದು ದಪ್ಪವನ್ನು. ಚರ್ಮದ ಡಾಕ್ಟರು ಡರ್ಮೋಸ್ಕೋಪ್ ಇಟ್ಟು ನೋಡಿದಾಗ ಅಕ್ಕಪಕ್ಕದ ಕೂದಲುಗಳ ದಪ್ಪದಲ್ಲಿ ಏರುಪೇರು 20 ಶೇಕಡಾ ಮೀರಿದ್ದರೆ, ಕಣ್ಣಿಗೆ ತಲೆ ತುಂಬಿದಂತೆ ಕಂಡರೂ ಕೆಲಸ ಶುರುವಾಗಿದೆ ಅಂತ ಅರ್ಥ.

ಔಷಧಿ ಹಿಡಿದು ನಿಲ್ಲಿಸುವುದು ಈ ಸೊರಗುತ್ತಿರುವ ಬೇರುಗಳನ್ನು. ಪೂರ್ತಿ ನುಣ್ಣಗಾದ ಜಾಗದಲ್ಲಿ ಅದಕ್ಕೆ ಹಿಡಿಯಲು ಏನೂ ಇರುವುದಿಲ್ಲ. ಆದ್ದರಿಂದ ಎರಡು, ಮೂರು, ನಾಲ್ಕು ಔಷಧಿಯ ಹಂತಗಳು. ದಿನಕ್ಕೆ 1 ಮಿಲಿಗ್ರಾಂ ಫಿನಾಸ್ಟರೈಡ್ ಡಿಎಚ್‌ಟಿಯನ್ನು ಇಳಿಸುತ್ತದೆ, ಹಚ್ಚುವ ಮಿನಾಕ್ಸಿಡಿಲ್ ಬೇರನ್ನು ಬೆಳವಣಿಗೆಯ ಸುತ್ತಿಗೆ ತಳ್ಳುತ್ತದೆ. ಹಣೆಯ ಮೂಲೆಗಳಿಗಿಂತ ನೆತ್ತಿಯಲ್ಲಿ ಇವುಗಳ ಫಲ ಚೆನ್ನಾಗಿ ಕಾಣುತ್ತದೆ. ಫಿನಾಸ್ಟರೈಡ್‌ನಿಂದ ಸ್ವಲ್ಪ ಜನಕ್ಕೆ ಲೈಂಗಿಕ ಆಸಕ್ತಿ ಕುಗ್ಗುವುದು, ನಿಮಿರುವಿಕೆಯ ತೊಂದರೆ, ಮನಸ್ಸು ಕುಗ್ಗುವುದು ಆಗುತ್ತದೆ. ಮಾತ್ರೆ ಬಿಟ್ಟ ಮೇಲೂ ತೊಂದರೆ ಉಳಿಯಿತು ಅನ್ನುವವರೂ ಇದ್ದಾರೆ. ಇದನ್ನೆಲ್ಲ ಡಾಕ್ಟರ ಎದುರು ಕೂತು ಬಾಯಿಬಿಟ್ಟು ಮಾತಾಡಿ ನಿರ್ಧರಿಸಬೇಕು. ಜಿಮ್ ಫ್ರೆಂಡ್ ಹೇಳಿದ ಅಂತ ಆನ್‌ಲೈನ್‌ನಲ್ಲಿ ತರಿಸಿ ನುಂಗುವುದಲ್ಲ. ಇನ್ನೊಂದು: ಬಿಟ್ಟರೆ ಸುಮಾರು ಒಂದು ವರ್ಷದೊಳಗೆ ಗಳಿಸಿದ್ದೆಲ್ಲ ಹೋಗುತ್ತದೆ.

ಕಸಿಯ ಲೆಕ್ಕ ಇದಕ್ಕೆ ಉಲ್ಟಾ. ತಲೆಯ ಹಿಂಭಾಗದ ಕೂದಲನ್ನು ಕಿತ್ತು ಮುಂದೆ ನೆಟ್ಟರೆ ಅದು ಹಿಂಭಾಗದ ಗುಣವನ್ನೇ ಉಳಿಸಿಕೊಳ್ಳುತ್ತದೆ, ಉದುರುವುದಿಲ್ಲ. ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಶ್ 1959ರಲ್ಲೇ ಇದನ್ನು ಬರೆದರು. ಕಸಿಯ ವರವೂ ಇದೇ, ಬಲೆಯೂ ಇದೇ. ನೆಟ್ಟದ್ದು ನಿಲ್ಲುತ್ತದೆ, ಅದರ ಹಿಂದಿನ ಸ್ವಂತ ಕೂದಲು ಓಡುತ್ತಲೇ ಇರುತ್ತದೆ.

ನನ್ನ ತಮ್ಮನ ತಲೆಯನ್ನೇ ತೆಗೆದುಕೊಳ್ಳಿ. ಚಿಕ್ಕಪ್ಪನದು ಹಂತ ಆರು. ಮಗನೂ ಅಲ್ಲಿಗೇ ಹೋಗುತ್ತಾನೆ ಅಂತ ಬರೆದುಕೊಡಲು ಆಗದಿದ್ದರೂ ಹೋಗಬಹುದು ಅಂತಲೇ ಲೆಕ್ಕ ಹಾಕಬೇಕು. ಸಾಧಾರಣ ತಲೆಯ ಹಿಂಭಾಗದಿಂದ ಇಡೀ ಜೀವಮಾನಕ್ಕೆ ತೆಗೆಯಬಹುದಾದದ್ದು ಸುಮಾರು 6000 ಗ್ರಾಫ್ಟ್. ಅದಕ್ಕಿಂತ ಹೆಚ್ಚು ಕಿತ್ತರೆ ಹಿಂಭಾಗವೇ ಇಲಿ ಕಡಿದಂತಾಗುತ್ತದೆ. ಚದರ ಸೆಂಟಿಮೀಟರಿಗೆ 40ರಂತೆ ನೆಟ್ಟರೆ 2500 ಗ್ರಾಫ್ಟ್ ಅಂದಾಜು 60 ಚದರ ಸೆಂಟಿಮೀಟರಿಗೆ ಸಾಕು, ಅಂದರೆ ಮುಂದಿನ ಒಂದು ಪಟ್ಟಿಗೆ. ಹತ್ತು ವರ್ಷದ ಮೇಲೆ ನಡುನೆತ್ತಿ ಮತ್ತು ಸುಳಿಯ ಜಾಗ ಸೇರಿ ಇನ್ನೊಂದು 120 ಚದರ ಸೆಂಟಿಮೀಟರ್ ಬಯಲಾಯಿತು ಅನ್ನಿ. ಅದೇ ದಟ್ಟಣೆಗೆ 4800 ಬೇಕು. ಉಳಿದಿರುವುದು 3500. ಅದೂ ಹಣೆಯ ಮೇಲೆ ಹದಿನಾರರ ಹೇರ್‌ಲೈನ್, ಅದರ ಹಿಂದೆ ಬಯಲು, ಆಮೇಲೆ ಕುದುರೆ ಲಾಳ. ಬೋಳು ತಲೆಗೆ ಒಂದು ಘನತೆ ಇದೆ ಸ್ವಾಮಿ. ಈ ವೇಷಕ್ಕೆ ಅದೂ ಇಲ್ಲ.

"ದುಡ್ಡು ನನ್ನದು, ತಲೆ ನನ್ನದು, ಆರು ತಿಂಗಳಲ್ಲಿ ಹೆಣ್ಣು ನೋಡೋಕೆ ಹೋಗ್ಬೇಕು, ನಿಮಗೇನ್ರಿ?" ಅಂತ ನೀವು ಕೇಳಬಹುದು. ಆ ಸಂಕಟ ನನಗೆ ಗೊತ್ತು, ಕ್ಯಾಪ್ ಹಾಕಿಕೊಂಡೇ ಹೆಣ್ಣು ನೋಡಲು ಹೋದವನು ನಾನು. ಆದರೆ ಆರು ತಿಂಗಳಿಗೆ ಕಸಿಯೂ ಪೂರ್ತಿ ಫಲ ಕೊಡುವುದಿಲ್ಲ. ನೆಟ್ಟ ಕೂದಲು ಮೊದಲ ವಾರಗಳಲ್ಲೇ ಉದುರಿ, ಮೂರು ನಾಲ್ಕು ತಿಂಗಳ ಮೇಲೆ ಮತ್ತೆ ಹುಟ್ಟಿ, ರೂಪಕ್ಕೆ ಬರುವಾಗ ವರ್ಷ ಆಗಿರುತ್ತದೆ. ನಾನು ಕಸಿಯ ವಿರೋಧಿಯೂ ಅಲ್ಲ. 38 ವಯಸ್ಸು, ಹಂತ ಮೂರೋ ನಾಲ್ಕೋ, ವರ್ಷಗಳಿಂದ ಫೋಟೋ ಬದಲಾಗಿಲ್ಲ, ಹಿಂಭಾಗ ದಟ್ಟವಾಗಿದೆ ಅನ್ನುವವರು ಧಾರಾಳವಾಗಿ ಮಾಡಿಸಿಕೊಳ್ಳಲಿ.

ತಮ್ಮನನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡೆಂಗ್ಯೂ ಬಂದಿತ್ತಾ, ಊಟ ಬಿಟ್ಟು ತೂಕ ಇಳಿಸಿದ್ದೀಯಾ ಅಂತ ಮೊದಲು ಕೇಳಿದರು. ಅವುಗಳಿಂದ ಎರಡು ಮೂರು ತಿಂಗಳ ನಂತರ ಕೂದಲು ರಾಶಿ ಉದುರಿ ತಾನಾಗೇ ಸರಿಹೋಗುವುದುಂಟು. ಎರಡೂ ಇಲ್ಲ ಅಂದ. ಡರ್ಮೋಸ್ಕೋಪ್ ಇಟ್ಟಾಗ ಕ್ಲಿನಿಕ್ ನೋಡದೇ ಬಿಟ್ಟದ್ದು ಕಂಡಿತು: ಹಣೆ ಮೂಲೆ ಇನ್ನೂ ಎರಡರಲ್ಲೇ ಇತ್ತು, ಕೂದಲು ತೆಳುವಾಗುತ್ತಿದ್ದದ್ದು ಸುಳಿಯ ಸುತ್ತ. 2500 ಗ್ರಾಫ್ಟ್‌ನಲ್ಲಿ ಒಂದೂ ಅಲ್ಲಿಗೆ ಬರೆದಿರಲಿಲ್ಲ.

ಮಾತ್ರೆ, ಮಿನಾಕ್ಸಿಡಿಲ್ ಎರಡೂ ಶುರುವಾಯಿತು. ಮೂರು ತಿಂಗಳಿಗೊಮ್ಮೆ ಅದೇ ಬಾಲ್ಕನಿ, ಅದೇ ಬೆಳಗಿನ ಹೊತ್ತು, ಒಣಗಿದ ಕೂದಲು, ನಾಲ್ಕು ಫೋಟೋ: ಮುಂದೆ, ಎರಡು ಮೂಲೆ, ನೆತ್ತಿ. ಐದನೇ ವಾರದಲ್ಲಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಅಣ್ಣಾ, ಮೊದಲಿಗಿಂತ ಜಾಸ್ತಿ ಬೀಳ್ತಿದೆ, ನಿಲ್ಲಿಸಿಬಿಡ್ತೀನಿ" ಅಂದ. ಮಿನಾಕ್ಸಿಡಿಲ್ ಹಚ್ಚಿದ ಮೊದಲ ವಾರಗಳಲ್ಲಿ ಹಳೆಯ ಕೂದಲು ಹಾಗೆ ಉದುರುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಬಹಳ ಜನ ಕೈಬಿಡುವುದು ಇಲ್ಲೇ. ಬೈದು ಮಲಗಿಸಿದೆ.

ಈ ದೀಪಾವಳಿಗೆ ಮತ್ತೆ ಬಂದಿದ್ದ. ಮೊದಲ ಫೋಟೋದ ಪಕ್ಕ ಕೊನೆಯದನ್ನು ಇಟ್ಟು ನೋಡಿದೆವು. ಹಣೆಯ ಮೂಲೆಗಳು ಇದ್ದಲ್ಲೇ ಇವೆ. ಸುಳಿಯ ಸುತ್ತ ಸ್ವಲ್ಪ ಕಪ್ಪಾಗಿದೆ, ತುಂಬಾ ಅಲ್ಲ. ಕಸಿ ಮಾತು ಇನ್ನೂ ಆರೇಳು ವರ್ಷ ಬೇಡ, ಅಲ್ಲಿಯವರೆಗೆ ಫೋಟೋ ತೆಗೀತಾ ಇರಿ ಅಂದಿದ್ದಾರೆ ಡಾಕ್ಟರು. ಅವನ ಮೊಬೈಲಿಗೆ ಕ್ಲಿನಿಕ್‌ನಿಂದ ಈಗಲೂ ಮೆಸೇಜ್ ಬರುತ್ತದೆ. ಆಫರ್ ಈ ತಿಂಗಳಿಗೆ ಮಾತ್ರವಂತೆ.