ಅಂಕಿ ಕಾಣುವ ಮುನ್ನ

ಲೆಕ್ಕಪರಿಶೋಧನೆಯ ಮಾನದಂಡಗಳು ಹೇಳುವ ‘ವೃತ್ತಿಪರ ಸಂಶಯ’ವೆಂದರೆ ಪ್ರಶ್ನಿಸುವ ಮನಸ್ಸು, ತಪ್ಪು ಅಥವಾ ವಂಚನೆಯ ಸುಳಿವುಗಳ ಬಗೆಗಿನ ಎಚ್ಚರ ಮತ್ತು ಸಾಕ್ಷ್ಯವನ್ನು ಒರೆಗೆ ಹಚ್ಚಿ ನೋಡುವ ರೂಢಿ. ಇದನ್ನು ಪರಿಶೋಧಕನ ಸ್ವಭಾವದ ಮಾತೆಂದು ತಿಳಿಯುವವರೇ ಹೆಚ್ಚು. ಆದರೆ ಯಾವ ಕಾಗದ ಯಾರ ಕೈಯಿಂದ, ಯಾವ ಕ್ರಮದಲ್ಲಿ ಆತನ ಮೇಜಿಗೆ ಬರುತ್ತದೆ ಎಂಬುದು ಸ್ವಭಾವಕ್ಕಿಂತ ಹೆಚ್ಚಾಗಿ ತೀರ್ಮಾನವನ್ನು ರೂಪಿಸುತ್ತದೆ ಎಂದು ವಾದಿಸಲು ಸಾಕಷ್ಟು ಆಧಾರವಿದೆ.

ತಾನು ಮೊದಲೇ ನಂಬಿದ್ದಕ್ಕೆ ಪುಷ್ಟಿ ಕೊಡುವ ಸಾಕ್ಷ್ಯವನ್ನೇ ಹುಡುಕುವ, ಎದುರಾಡುವ ಸಾಕ್ಷ್ಯವನ್ನು ಲಘುವಾಗಿ ಕಾಣುವ ಒಲವನ್ನು ದೃಢೀಕರಣ ಪಕ್ಷಪಾತ ಎನ್ನುತ್ತಾರೆ. ಸಾಕ್ಷ್ಯ ಬರುವ ದಾರಿಯೇ ಈ ಒಲವಿಗೆ ಇಂಬು ಕೊಡುವುದುಂಟು. ಸತ್ಯಂ ಕಂಪನಿಯ ಅಧ್ಯಕ್ಷರು 2009ರ ಜನವರಿ 7ರಂದು ಬರೆದ ಪತ್ರದಲ್ಲಿ, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನ 5,361 ಕೋಟಿ ರೂಪಾಯಿಯಲ್ಲಿ 5,040 ಕೋಟಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಬ್ಯಾಂಕಿನಲ್ಲಿ ಎಷ್ಟು ಹಣವಿದೆ ಎಂಬುದು ಊಹೆಯ ವಿಷಯವಲ್ಲ. ಬ್ಯಾಂಕನ್ನೇ ನೇರವಾಗಿ ಕೇಳಿ ತಿಳಿಯಬಹುದಾದದ್ದು. ಅಮೆರಿಕದ ನಿಯಂತ್ರಕರು 2011ರಲ್ಲಿ ಎತ್ತಿ ತೋರಿಸಿದ ಮುಖ್ಯ ಲೋಪವೂ ಇದೇ: ಬ್ಯಾಂಕುಗಳಿಂದ ದೃಢೀಕರಣ ಪತ್ರ ತರಿಸುವ ಕೆಲಸದ ಹತೋಟಿಯನ್ನು ಪರಿಶೋಧಕರು ತಮ್ಮಲ್ಲಿ ಉಳಿಸಿಕೊಳ್ಳದೆ ಕಂಪನಿಯ ಆಡಳಿತಕ್ಕೇ ಬಿಟ್ಟಿದ್ದರು. ಹೀಗೆ ಪರೀಕ್ಷೆಗೆ ಒಳಗಾಗಬೇಕಾದವರ ಕೈಯಿಂದಲೇ ಸಾಕ್ಷ್ಯ ಬರುವಾಗ ಎಂಥ ಸಂಶಯಶೀಲನಿಗೂ ಸಂಶಯಿಸಲು ಎಡೆ ಸಿಗುವುದಿಲ್ಲ. ಆದ್ದರಿಂದ ಪತ್ರವನ್ನು ಪರಿಶೋಧಕನೇ ಕಳುಹಿಸಬೇಕು, ವಿಳಾಸವನ್ನು ಬೇರೆ ಮೂಲದಿಂದ ತಾಳೆ ನೋಡಬೇಕು, ಉತ್ತರ ನೇರವಾಗಿ ಆತನಿಗೇ ತಲುಪಬೇಕು ಎಂಬ ನಿಯಮವಿದೆ. ನೀರಸವಾಗಿ ಕಾಣುವ ಈ ಗುಮಾಸ್ತಿಕೆಯಲ್ಲಿಯೇ ಸಂಶಯದ ಅರ್ಧ ಪಾಲು ಅಡಗಿದೆ.

ಅಂದಾಜುಗಳ ವಿಷಯದಲ್ಲಿ ತೊಡಕು ಇನ್ನೂ ಸೂಕ್ಷ್ಮವಾದದ್ದು. ಮೊದಲು ಕಿವಿಗೆ ಬಿದ್ದ ಅಂಕಿಗೆ ಮನಸ್ಸು ಕಟ್ಟುಬಿದ್ದು, ಅಲ್ಲಿಂದ ಸ್ವಲ್ಪವೇ ಸರಿದು ನಿಲ್ಲುವುದನ್ನು ಲಂಗರು ದೋಷ ಎನ್ನಬಹುದು. ಟ್ವೆರ್ಸ್ಕಿ ಮತ್ತು ಕಾಹ್ನೆಮನ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕದ ದೇಶಗಳ ಪ್ರಮಾಣವೆಷ್ಟೆಂದು ಕೇಳುವ ಮೊದಲು ಅದೃಷ್ಟಚಕ್ರವೊಂದನ್ನು ತಿರುಗಿಸಲಾಯಿತು. 10 ಬಂದವರು ಸುಮಾರು ಶೇ. 25 ಎಂದರು, 65 ಬಂದವರು ಶೇ. 45 ಎಂದರು. ಅರ್ಥವಿಲ್ಲದ ಅಂಕಿಯೇ ಇಷ್ಟು ಎಳೆಯುವುದಾದರೆ, ಕಂಪನಿಯ ಹಣಕಾಸು ಅಧಿಕಾರಿ ವಿವರಣೆ ಸಹಿತ ಮುಂದಿಡುವ ಅಂಕಿಯ ಸೆಳೆತವನ್ನು ಹೇಳಬೇಕಾಗಿಲ್ಲ.

ಕಲ್ಪಿತ ಉದಾಹರಣೆಯೊಂದನ್ನು ನೋಡಬಹುದು. ಪಂಪ್‌ಸೆಟ್ ತಯಾರಿಸುವ ಕಂಪನಿಗೆ ವಿತರಕರಿಂದ 40 ಕೋಟಿ ರೂಪಾಯಿ ಬರಬೇಕಿದ್ದು, ವಸೂಲಾಗದೆ ಹೋಗಬಹುದಾದ ಬಾಕಿಗೆಂದು ಆಡಳಿತ 2 ಕೋಟಿ ತೆಗೆದಿರಿಸಿದೆ. ಆ 2 ಕೋಟಿಯಿಂದಲೇ ಹೊರಡುವ ಪರಿಶೋಧಕ, ವರ್ಷಾಂತ್ಯದ ನಂತರ ಹಣ ಕಟ್ಟಿದ ವಿತರಕರ ರಸೀದಿಗಳನ್ನು ನೋಡಿ, ಒಂದೆರಡು ಹಳೆಯ ಬಾಕಿಗಳಿಗೆ ತುಸು ಸೇರಿಸಿ, 2.30 ಕೋಟಿ ಸರಿಯೆಂದುಕೊಳ್ಳುತ್ತಾನೆ. ಲೆಕ್ಕಪತ್ರ ಓದುವವರ ನಿರ್ಧಾರವನ್ನು ಬದಲಿಸಬಲ್ಲಷ್ಟು ದೊಡ್ಡ ತಪ್ಪಿನ ಮಿತಿಯನ್ನು ಆತ 1 ಕೋಟಿಗೆ ನಿಗದಿ ಮಾಡಿದ್ದರೆ, 30 ಲಕ್ಷದ ವ್ಯತ್ಯಾಸ ಅದರೊಳಗೆ ಸದ್ದಿಲ್ಲದೆ ಕರಗುತ್ತದೆ.

ಆಡಳಿತದ ಅಂಕಿಯನ್ನು ನೋಡದೆ, ಬಾಕಿಯ ವಯಸ್ಸು ಮತ್ತು ಹಿಂದಿನ ವರ್ಷಗಳ ನಷ್ಟದ ಪ್ರಮಾಣದಿಂದ ಹೊರಟವನ ಲೆಕ್ಕ ಬೇರೆಯಾಗುತ್ತದೆ. ಗಡುವು ಮೀರದ 24 ಕೋಟಿಗೆ ಶೇ. 1ರಂತೆ 24 ಲಕ್ಷ, ಗಡುವು ದಾಟಿ ಆರು ತಿಂಗಳೊಳಗಿನ 10 ಕೋಟಿಗೆ ಶೇ. 6ರಂತೆ 60 ಲಕ್ಷ, ಅದಕ್ಕೂ ಹಳೆಯ 6 ಕೋಟಿಗೆ ಶೇ. 45ರಂತೆ 2.70 ಕೋಟಿ, ಒಟ್ಟು 3.54 ಕೋಟಿ. ಈಗ ಅಂತರ 1.54 ಕೋಟಿ, ಆಡಳಿತ ಉತ್ತರಿಸಲೇಬೇಕು. ಇಬ್ಬರೂ ಪ್ರಾಮಾಣಿಕರೇ, ಇಬ್ಬರಿಗೂ ದೊರೆತದ್ದು ಅದೇ ಕಡತ. ಮೊದಲನೆಯವನು ಯಾರು ಹಣ ಕಟ್ಟಿದರೆಂದು ಹುಡುಕಿದನಷ್ಟೇ. ಯಾರು ಕಟ್ಟಿಲ್ಲ, ವರ್ಷಾಂತ್ಯದ ನಂತರ ಎಷ್ಟು ಸರಕು ವಾಪಸು ಬಂದು ಕ್ರೆಡಿಟ್ ನೋಟ್ ಹೊರಟಿದೆ ಎಂಬ ಎದುರು ಪ್ರಶ್ನೆಗಳು ಅವನಿಗೆ ಹೊಳೆಯಲೇ ಇಲ್ಲ. ಅಂದಾಜುಗಳ ಪರಿಶೋಧನೆಗೆಂದು 2018ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ಮಾನದಂಡ 540 ಇದನ್ನೇ ಗುರುತಿಸಿ, ಪುಷ್ಟಿ ಕೊಡುವ ಸಾಕ್ಷ್ಯದತ್ತ ವಾಲುವಂತೆಯೂ ಎದುರಾಡುವ ಸಾಕ್ಷ್ಯ ಹೊರಗುಳಿಯುವಂತೆಯೂ ಪರೀಕ್ಷೆಗಳನ್ನು ಹೂಡಬಾರದೆಂದು ಹೇಳಿದೆ.

ಸ್ವತಂತ್ರ ಅಂದಾಜು ಸರ್ವರೋಗಕ್ಕೂ ಮದ್ದಲ್ಲವೆಂಬುದೂ ನಿಜ. ಬಾಕಿಯ ವಯಸ್ಸಿನ ಪಟ್ಟಿ ಕಂಪನಿಯದ್ದೇ ಆಗಿರುವುದರಿಂದ ಹಳೆಯ ಬಿಲ್ಲಿಗೆ ಹೊಸ ತಾರೀಖು ಬಿದ್ದಿದ್ದರೆ ಲೆಕ್ಕವೂ ಕೆಡುತ್ತದೆ. ಕೆಲವು ಬಿಲ್ಲುಗಳನ್ನಾದರೂ ಸರಕು ಸಾಗಣೆಯ ಮೂಲ ದಾಖಲೆಯೊಂದಿಗೆ ಹೋಲಿಸಲೇಬೇಕು. ಕಳೆದ ವರ್ಷದ ಪರಿಶೋಧನಾ ಕಡತವೂ ಒಂದು ಲಂಗರೇ, ಅದೂ ತನ್ನದೇ ಸಂಸ್ಥೆಯದ್ದಾದ್ದರಿಂದ ಹೆಚ್ಚು ಭಾರವಾದದ್ದು. ಎಲ್ಲಕ್ಕಿಂತ ಸುಲಭವಾಗಿ ನುಸುಳುವ ದೋಷವೆಂದರೆ, ಒಂದೇ ಅಂಕಿಯ ಬದಲು 3.20ರಿಂದ 3.90 ಕೋಟಿಯವರೆಗೆ ಎಂಬಂಥ ವ್ಯಾಪ್ತಿಯನ್ನು ಹಾಕಿಕೊಂಡ ಪರಿಶೋಧಕ, ಆಡಳಿತದ 2 ಕೋಟಿಯನ್ನು ಕಂಡ ಮೇಲೆ ಅದರ ಕೆಳ ಅಂಚನ್ನು ಮೆಲ್ಲನೆ ಹಿಗ್ಗಿಸುವುದು. ಅಂದಾಜಿನ ಹಾಳೆಗೆ ಆಡಳಿತದ ಅಂಕಿ ಕೈಸೇರುವ ಮೊದಲೇ ತಾರೀಖು ಮತ್ತು ಸಹಿ ಬಿದ್ದಿದ್ದರೆ, ಅಂಚು ಯಾವಾಗ, ಯಾವ ಹೊಸ ಸಾಕ್ಷ್ಯದ ಬಲದಿಂದ ಸರಿಯಿತು ಎಂದು ಕಡತವನ್ನು ಮರುಪರಿಶೀಲಿಸುವವರು ಕೇಳಬಹುದು; ಇಲ್ಲದಿದ್ದರೆ ಹಿಗ್ಗಿಸಿದ ವ್ಯಾಪ್ತಿಯನ್ನೂ ಮೊದಲಿನಿಂದ ಇದ್ದದ್ದನ್ನೂ ಬೇರ್ಪಡಿಸಿ ನೋಡಲು ಅವರಿಗೆ ದಾರಿಯಿಲ್ಲ.