ಬಿಡುಗಡೆಯ ಉಸಿರು ಪಾಪವೇ?

ಮರೆಗುಳಿ ಕಾಯಿಲೆಯಿಂದ ವರ್ಷಗಟ್ಟಲೆ ಬಳಲಿದ ತಂದೆಯೋ ತಾಯಿಯೋ ತೀರಿಕೊಂಡಾಗ, ಅವರನ್ನು ಕೊನೆಯವರೆಗೂ ನೋಡಿಕೊಂಡ ಮಗಳ ಅಥವಾ ಸೊಸೆಯ ಬಳಿಗೆ ನಮ್ಮ ಸಮಾಜದವರು ಸಾಮಾನ್ಯವಾಗಿ ಎರಡು ಮಾತುಗಳನ್ನು ಹಿಡಿದು ಹೋಗುತ್ತಾರೆ. ಒಂದು, ಹೋದವರಿಗೆ ಬಿಡುಗಡೆಯಾಯಿತು ಎಂಬುದು. ಇನ್ನೊಂದು, ಅಳಬಾರದು, ಇಷ್ಟವಿಯೋಗಕ್ಕೆ ದುಃಖಿಸುವುದು ಆರ್ತಧ್ಯಾನ ಎಂಬುದು. ಮೊದಲನೆಯ ಮಾತಿನಲ್ಲಿ ಸತ್ತವರಿಗೆ ಬಿಡುಗಡೆ ಉಂಟು, ಆರೈಕೆ ಮಾಡಿದವಳಿಗೆ ಇಲ್ಲ. ಎರಡನೆಯದರಲ್ಲಿ ಅವಳ ಕಣ್ಣೀರಿಗೂ ಜಾಗವಿಲ್ಲ. ಅವಳ ಎದೆಯಲ್ಲಿ ಆ ಹೊತ್ತಿಗೆ ಇರುವುದು ಇವೆರಡೇ. ಎರಡನ್ನೂ ಹೊರಗೆ ಹಾಕುವಂತಿಲ್ಲ. ಇಂಥ ಸಾಂತ್ವನ ಅವಳನ್ನು ಇನ್ನಷ್ಟು ಒಂಟಿಯಾಗಿಸುತ್ತದೆ ಎಂಬುದು ನನ್ನ ಆಕ್ಷೇಪ.

ಸಾವು ಬಂದಾಗ ನಿರಾಳವೆನ್ನಿಸುವುದು ಕಲ್ಲೆದೆಯ ಗುರುತಲ್ಲ. 2003ರಲ್ಲಿ ಅಮೆರಿಕದ ಪ್ರಮುಖ ವೈದ್ಯಕೀಯ ಪತ್ರಿಕೆಯೊಂದರಲ್ಲಿ, ಮರೆಗುಳಿ ರೋಗಿಗಳನ್ನು ಮನೆಯಲ್ಲಿ ನೋಡಿಕೊಂಡ 217 ಮಂದಿಯ ಅಧ್ಯಯನವೊಂದು ಪ್ರಕಟವಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವು ದಿನದ 24 ಗಂಟೆಯೂ ಕರ್ತವ್ಯದ ಮೇಲಿದ್ದೆವೆಂದು ಹೇಳಿದ್ದರು. ಸಾವು ತಮಗೆ ನೆಮ್ಮದಿ ತಂದಿತೆಂದವರು ನೂರಕ್ಕೆ 72 ಮಂದಿ. ರೋಗಿಗೇ ನೆಮ್ಮದಿಯಾಯಿತೆಂದು ನಂಬಿದವರು 90ಕ್ಕೂ ಹೆಚ್ಚು. ಇವರೆಲ್ಲ ತಂದೆತಾಯಿಯರನ್ನೋ ಬಾಳಸಂಗಾತಿಯನ್ನೋ ಪ್ರೀತಿಸದವರೆಂದು ಹೇಳಲು ಯಾರಿಗೂ ಧೈರ್ಯ ಬರಲಾರದು.

ಕಾರಣ ಸರಳವಾಗಿದೆ. ಈ ಕಾಯಿಲೆಯಲ್ಲಿ ಮನುಷ್ಯ ಒಮ್ಮೆಗೇ ಹೋಗುವುದಿಲ್ಲ, ಕಂತು ಕಂತಾಗಿ ಹೋಗುತ್ತಾನೆ. ಲೆಕ್ಕ ಹೋಗುತ್ತದೆ, ದಾರಿ ಹೋಗುತ್ತದೆ, ಮಕ್ಕಳ ಹೆಸರು ಹೋಗುತ್ತದೆ, ಕೊನೆಗೆ ನುಂಗುವ ಶಕ್ತಿಯೇ ಹೋಗುತ್ತದೆ. ಮಗಳು ಪ್ರತಿಯೊಂದು ಕಂತಿಗೂ ಒಳಗೊಳಗೇ ಅತ್ತಿರುತ್ತಾಳೆ; ಆಗ ಯಾರೂ ಹರಸಲು, ಸಂತೈಸಲು ಬಂದಿರುವುದಿಲ್ಲ, ಏಕೆಂದರೆ ತಾಯಿ ಬದುಕಿದ್ದಾಳೆ. ದೇಹ ಬಿದ್ದ ದಿನ ಜನ ಸೇರಿದಾಗ ಅವಳ ಅಳು ಬಹುಪಾಲು ಮುಗಿದಿರುತ್ತದೆ. ಒಣಗಿದ ಕಣ್ಣನ್ನು ಕಂಡು ಬಂಧುಗಳು ಪಿಸುಗುಟ್ಟುತ್ತಾರೆ.

ಪುಣೆಯ ಒಂದು ಕುಟುಂಬವನ್ನು ನಾನು ಬಲ್ಲೆ, ಹೆಸರು ಬೇಡ. ತಾಯಿ ಚಿಕ್ಕೋಡಿ ಕಡೆಯವರು, ಮದುವೆಯಾಗಿ ಪುಣೆಗೆ ಬಂದು ಐವತ್ತು ವರ್ಷ ಮರಾಠಿಯಲ್ಲಿ ಬಾಳಿದವರು. ಕಾಯಿಲೆ ಮೂರನೆಯ ವರ್ಷಕ್ಕೆ ಬಂದಾಗ ಅವರ ಮರಾಠಿ ಜಾರತೊಡಗಿತು. ತಡವಾಗಿ ಕಲಿತ ಭಾಷೆ ಮೊದಲು ಹೋಗಿ, ಹುಟ್ಟುಭಾಷೆ ಉಳಿಯುವುದನ್ನು ಇಂಥ ರೋಗಿಗಳಲ್ಲಿ ಅನೇಕರು ಕಂಡಿದ್ದಾರೆ. ಸಂಬಳಕ್ಕಿಟ್ಟ ಸೇವಕಿಗೆ ಮರಾಠಿ ಮಾತ್ರ ಗೊತ್ತು. ಅವಳು ಸ್ನಾನಕ್ಕೆ ಕರೆದರೆ ಆ ತಾಯಿ ಹೆದರಿ ಕೈ ಬೀಸುತ್ತಿದ್ದರು. 'ಏಳವ್ವಾ, ಮೈ ತೊಳಕೊಳ್ಳೋಣು' ಎಂದು ಮಗಳು ಕರೆದಾಗ ಮಾತ್ರ ಏಳುತ್ತಿದ್ದರು. ಹೀಗೆ ಊರಿನ ಕನ್ನಡ ಬಲ್ಲ ಒಬ್ಬಳೇ ಮಗಳ ಮೇಲೆ ಸಮಸ್ತ ಹೊರೆಯೂ ಬಿತ್ತು. ಆಕೆ ನೌಕರಿ ಬಿಟ್ಟರು. ಏಳು ವರ್ಷಗಳ ಬಳಿಕ ತಾಯಿ ತೀರಿಕೊಂಡಾಗ ಆಕೆಗೆ 54 ವರ್ಷ. ಹೊರನಾಡಿನ ನಮ್ಮ ಮನೆಗಳಲ್ಲಿ ಇದು ಅಪರೂಪದ ಕತೆಯಲ್ಲವೆಂದು ಓದುಗರಿಗೆ ಬೇರೆ ಹೇಳಬೇಕಿಲ್ಲ.

ಆಕೆಯನ್ನು ಕಾಡಿದ ಅಪರಾಧಪ್ರಜ್ಞೆ 'ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ' ಎಂಬ ಮಸುಕು ಭಾವನೆಯಾಗಿರಲಿಲ್ಲ. ಅದಕ್ಕೆ ದಿನಾಂಕವಿತ್ತು, ಗಂಟೆಯಿತ್ತು. ಇಂಥವರಿಗೆ 'ನಿನ್ನದೇನೂ ತಪ್ಪಿಲ್ಲ ಬಿಡು' ಎಂದರೆ ಒಂದು ಕ್ಷಣವೂ ಹಿಡಿಸುವುದಿಲ್ಲ. ಯಾವ ತಪ್ಪು ಎಂದು ಕೇಳಿ, ಒಂದೊಂದನ್ನೂ ಹೊರಗೆ ತೆಗೆಸಿ, ಒಂದೊಂದಕ್ಕೂ ತಕ್ಕ ಉತ್ತರ ಕೊಡಬೇಕು. ಆಕೆ ಹೇಳಿದ್ದು ಮೂರು.

ಮೊದಲನೆಯದು ಸುಳ್ಳು. ತೀರಿಹೋದ ಗಂಡನನ್ನು ತಾಯಿ ದಿನವೂ ಕೇಳುತ್ತಿದ್ದರು. ಆರಂಭದಲ್ಲಿ ಮಗಳು ನಿಜ ಹೇಳಿದರು. ತಾಯಿ ಆ ಸುದ್ದಿಯನ್ನು ಪ್ರತಿಸಲವೂ ಮೊದಲ ಬಾರಿಗೆ ಕೇಳಿದವರಂತೆ ಎದೆ ಬಡಿದುಕೊಂಡು ಅತ್ತರು, ಅರ್ಧ ಗಂಟೆಯಲ್ಲಿ ಮರೆತು ಮತ್ತೆ ಕೇಳಿದರು. ಆಮೇಲೆ ಮಗಳು, 'ಅಪ್ಪಾರು ಊರಿಗೆ ಹೋಗ್ಯಾರ, ನಾಳೆ ಬರ್ತಾರ' ಎನ್ನತೊಡಗಿದರು. ಸತ್ಯಾಣುವ್ರತವನ್ನು ಚಿಕ್ಕಂದಿನಿಂದ ಕೇಳಿ ಬೆಳೆದವರಿಗೆ ಇದು ಸಾವಿರಾರು ಸಲ ಆಡಿದ ಸುಳ್ಳು. ಆದರೆ ನೆನಪು ನಿಲ್ಲದ ಮನಸ್ಸಿಗೆ ಆ ನಿಜವನ್ನು ಹೇಳುವುದೆಂದರೆ ದಿನಕ್ಕೆ ನಾಲ್ಕು ಸಲ ವಿಧವೆಯಾಗಿಸುವುದು. ಮರೆಗುಳಿ ರೋಗಿಗಳ ಆರೈಕೆಯಲ್ಲಿ ಅನುಭವವಿರುವ ಅನೇಕರು ವಾದಕ್ಕಿಳಿಯದೆ ಸಮಾಧಾನ ಹೇಳಿ ಮಾತು ತಿರುಗಿಸಲು ಹೇಳಿಕೊಡುತ್ತಾರೆ. ಹಿಂಸೆಯ ಲಕ್ಷಣ ಹೇಳುವಾಗ ತತ್ತ್ವಾರ್ಥಸೂತ್ರವೂ ಪ್ರಮಾದದ ಯೋಗವನ್ನೇ ಮುಂದಿಡುತ್ತದೆ, ಇಲ್ಲಿ ಪ್ರಮಾದವೆಲ್ಲಿತ್ತು?

ಎರಡನೆಯದು ರಾತ್ರಿಭೋಜನ. ತಾಯಿ ಜೀವನಪೂರ್ತಿ ಸೂರ್ಯಾಸ್ತದ ನಂತರ ಬಾಯಿಗೆ ಏನನ್ನೂ ಹಾಕಿದವರಲ್ಲ. ಕಾಯಿಲೆ ಬಲಿತ ಮೇಲೆ, ಸಂಜೆಯಾಗುತ್ತಿದ್ದಂತೆ ಚಡಪಡಿಕೆ ಹೆಚ್ಚುತ್ತಿತ್ತು. ಊಟವಾದದ್ದು ಮರೆತು ರಾತ್ರಿ ಒಂಬತ್ತಕ್ಕೆ ಹಸಿವೆಂದು ಅಳುತ್ತಿದ್ದರು. ಮಗಳು ಹಾಲು, ಬಾಳೆಹಣ್ಣು ಕೊಟ್ಟರು, ಮಾತ್ರೆಯನ್ನೂ ಕೊಟ್ಟರು. 'ಅವ್ವನ ವ್ರತ ನಾನು ಮುರಿದೆ' ಎಂಬುದು ಆಕೆಯ ಕೊರಗು. ವ್ರತವೆಂಬುದು ತಿಳಿದು ಸಂಕಲ್ಪಿಸಿ ನಡೆಸುವಂಥದು. ಸಂಕಲ್ಪ ಮಾಡುವ ಮನಸ್ಸೇ ರೋಗದಿಂದ ಕಳಚಿಹೋದ ಮೇಲೆ ಉಳಿದದ್ದು ಹಸಿದ ಒಂದು ಜೀವ. ಈ ಮಾತನ್ನು ನೆರೆಯವರು ಹೇಳಿದರೆ ಆಕೆಗೆ ನಾಟಲಿಲ್ಲ. ಊರಿನಿಂದ ಬಂದಿದ್ದ, ಕುಟುಂಬ ಗೌರವಿಸುವ ಹಿರಿಯ ಪಂಡಿತರೊಬ್ಬರು ಎದುರು ಕೂತು ಹೇಳಿದಾಗ ನಾಟಿತು. ಧರ್ಮದ ಭಾಷೆಯಲ್ಲಿ ಹುಟ್ಟಿದ ಅಪರಾಧಪ್ರಜ್ಞೆಗೆ ಧರ್ಮ ಬಲ್ಲವರ ಬಾಯಿಂದಲೇ ಉತ್ತರ ಬರಬೇಕು. ಮನೋವೈದ್ಯರು ಈ ಕೆಲಸ ಮಾಡಲಾರರು, ಅವರಿಗೆ ಅದು ಕಾಣುವುದೂ ಇಲ್ಲ.

ಮೂರನೆಯದು ಕೊನೆಯ ವಾರ. ತಾಯಿ ಗಂಜಿಯನ್ನೂ ನುಂಗದಾದಾಗ ಮೂಗಿಗೆ ನಳಿಕೆ ಹಾಕಿಸಬೇಕಿತ್ತು, ಹಸಿವಿನಿಂದ ಕೊಂದೆ ಎಂದು ಆಕೆ ಎಣಿಸಿದ್ದರು. ಮುಂಬಯಿಯ ಅಣ್ಣ ಫೋನಿನಲ್ಲಿ ಕೇಳಿದ್ದ ಒಂದು ಪ್ರಶ್ನೆ ಇದಕ್ಕೆ ಬೀಜ. ಈ ಕಾಯಿಲೆಯ ಕೊನೆಯ ಹಂತದಲ್ಲಿ ನುಂಗುವಿಕೆ ಕೆಡುವುದು ರೋಗದ ಗತಿಯೇ. ಆಹಾರ ಶ್ವಾಸನಾಳಕ್ಕೆ ಜಾರಿ ನ್ಯುಮೋನಿಯ ಆಗುವುದು ಇವರ ಸಾವಿಗೆ ಸಾಮಾನ್ಯ ಕಾರಣ. ನಳಿಕೆ ಹಾಕಿದರೆ ಆಯುಷ್ಯ ಹೆಚ್ಚುತ್ತದೆಂದು ಕಂಡುಬಂದಿಲ್ಲ. ಅಮೆರಿಕದ ವೃದ್ಧರೋಗ ತಜ್ಞರ ಸಂಘ 2014ರ ತನ್ನ ಹೇಳಿಕೆಯಲ್ಲಿ ಈ ಹಂತದಲ್ಲಿ ನಳಿಕೆ ಬೇಡ, ಕೈತುತ್ತೇ ಸಾಕು ಎಂದಿದೆ. ಚಿಕಿತ್ಸೆ ನೀಡಿದ ವೈದ್ಯರ ಬಳಿಗೆ ಆಕೆಯನ್ನು ಸಾವಿನ ನಂತರ ಒಮ್ಮೆ ಕರೆದೊಯ್ದು, ಆ ವಾರದ ಸಂಗತಿಯನ್ನು ಅವರಿಂದಲೇ ಕೇಳಿಸುವುದು ಒಳ್ಳೆಯದು. ಅಣ್ಣನೂ ಜೊತೆಗೆ ಹೋದರೆ ಮತ್ತೂ ಒಳ್ಳೆಯದು.

ಸಮಾಧಿಮರಣ ಒದಗಲಿಲ್ಲವಲ್ಲ ಎಂದು ನಿಟ್ಟುಸಿರಿಡುವವರಿಗೆ ಇಲ್ಲಿಯೇ ಒಂದು ಮಾತು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟಿನ ತೀರ್ಪು ಬಂದಾಗ, ಸಲ್ಲೇಖನ ಆತ್ಮಹತ್ಯೆಯಲ್ಲ, ಅದು ಪೂರ್ಣ ಅರಿವಿನಿಂದ ಕೈಗೊಳ್ಳುವ ವ್ರತವೆಂದು ನಾವೆಲ್ಲ ಬೀದಿಗಿಳಿದು ವಾದಿಸಿದೆವು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಅರಿವು ಬೇಕೆಂದು ನ್ಯಾಯಾಲಯದ ಮುಂದೆ ವಾದಿಸಿದ ಸಮಾಜ, ಅರಿವೇ ಅಳಿದವರ ಮನೆಗೆ ಬಂದು ಆ ವ್ರತದ ಕೊರತೆಯನ್ನು ಎಣಿಸುವುದು ಅಸಂಗತ.

ಇನ್ನು ಶೂನ್ಯ. ಸೂತಕದ ದಿನಗಳಲ್ಲಿ ಅದು ಕಾಣುವುದಿಲ್ಲ, ಮನೆ ತುಂಬ ಜನ. ಬಂಧುಗಳು ರೈಲು ಹತ್ತಿದ ಮೇಲೆ ಶುರುವಾಗುತ್ತದೆ. ಪುಣೆಯ ಆ ಮಗಳು ಎರಡು ತಿಂಗಳ ಕಾಲ ನಸುಕಿನ ಎರಡು ಗಂಟೆಗೆ ಎದ್ದು ಕೂರುತ್ತಿದ್ದರು. ತಾಯಿಯ ಬಟ್ಟೆ ಬದಲಿಸುವ ಸಮಯ ಅದು. ಬಾಗಿಲಿಗೆ ಒಳಗಿನಿಂದ ಬೀಗ ಹಾಕಿದೆನೇ ಎಂದು ಮತ್ತೆ ಮತ್ತೆ ನೋಡುತ್ತಿದ್ದರು. ಏಳು ವರ್ಷ ಪಳಗಿದ ದೇಹಕ್ಕೆ ಸಾವಿನ ಸುದ್ದಿ ತಡವಾಗಿ ತಲುಪುತ್ತದೆ. ಇದರ ಜೊತೆಗೆ ಇನ್ನೊಂದು ನಷ್ಟವನ್ನು ಆಕೆಯೇ ಹೇಳಿದರು: ಗಂಡ, ಮಕ್ಕಳು ಮರಾಠಿ, ಹಿಂದಿ ಆಡುವವರು, ಮನೆಯಲ್ಲಿ ಕನ್ನಡ ಆಡಲು ಈಗ ಯಾರೂ ಇಲ್ಲ.

ಈ ಹಂತದಲ್ಲಿ ಹತ್ತಿರದವರು ಮಾಡುವ ದೊಡ್ಡ ಅವಸರವೆಂದರೆ ಕೋಣೆಯನ್ನು ಖಾಲಿ ಮಾಡಿಸುವುದು ಮತ್ತು ಯಾತ್ರೆಗೆ ಕಳಿಸುವುದು. ಬಾಡಿಗೆಯ ಮಂಚವನ್ನು ಹಿಂತಿರುಗಿಸಿ, ಉಳಿದ ಮಾತ್ರೆಗಳನ್ನು ಮನೆಯಿಂದ ತೆಗೆಯಿರಿ, ಅದು ಸುರಕ್ಷತೆಗೂ ಅಗತ್ಯ. ಸೀರೆ, ಜಪಮಾಲೆಗಳನ್ನು ಆಕೆ ಹೇಳುವ ತನಕ ಮುಟ್ಟಬೇಡಿ. ದಿನಕ್ಕೆ ಎರಡು ನಿಶ್ಚಿತ ಗಂಟೆಗಳಿಗೆ ಹೊರಗಿನ ಕೆಲಸ ಒಂದಿರಲಿ: ಬಸದಿಗೆ ಹೋಗುವುದು, ನಡೆದು ಬರುವುದು, ಏನಾದರೂ ಸರಿ, ಗಂಟೆ ಮಾತ್ರ ತಪ್ಪಬಾರದು. ಹೊಸ ಆರೈಕೆಯನ್ನು, ಅಂದರೆ ಮೊಮ್ಮಗುವನ್ನೋ ಅತ್ತೆಯನ್ನೋ, 'ಹೇಗೂ ಬಿಡುವಾಗಿದ್ದೀಯಲ್ಲ' ಎಂದು ಕೂಡಲೇ ಹೊರಿಸಬೇಡಿ. ಆಕೆಯನ್ನು ವೈದ್ಯರಿಗೆ ತೋರಿಸಿ. ತಾಯಿಯ ಮಾತ್ರೆಗಳನ್ನು ನಿಮಿಷ ತಪ್ಪದೆ ಕೊಟ್ಟವರು ತಮ್ಮ ರಕ್ತದೊತ್ತಡವನ್ನು ವರ್ಷಗಟ್ಟಲೆ ನೋಡಿಸಿಕೊಂಡಿರುವುದಿಲ್ಲ.

ಮೇಲೆ ಹೇಳಿದ ಅಧ್ಯಯನದಲ್ಲಿ ಹೆಚ್ಚಿನವರ ಖಿನ್ನತೆ ಮೂರು ತಿಂಗಳೊಳಗೆ ಗಣನೀಯವಾಗಿ ಇಳಿದಿತ್ತು. ಎಲ್ಲರದೂ ಹಾಗಾಗುವುದಿಲ್ಲ. ಆರು ತಿಂಗಳು ಕಳೆದರೂ ಹಂಬಲ ದಿನವೂ ಅಷ್ಟೇ ತೀವ್ರವಾಗಿದ್ದು, ಮನೆಗೆಲಸವೂ ಸಾಗದಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗವರ್ಗೀಕರಣ ಅದನ್ನು ಚಿಕಿತ್ಸೆ ಬೇಕಾದ ಶೋಕವೆಂದು ಗುರುತಿಸುತ್ತದೆ. 'ನಾನೂ ಅವ್ವನ ಹಿಂದೆಯೇ ಹೋದರೆ ಆಗಿತ್ತು' ಎಂಬ ಮಾತು ಬಂದರೆ ಆರು ತಿಂಗಳು ಕಾಯಬಾರದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416 ಹಗಲಿರುಳೂ ಉಚಿತ.

ಕೊನೆಗೆ ಹಣದ ವಿಷಯ, ನಮ್ಮಲ್ಲಿ ಯಾರೂ ಬಾಯಿ ಬಿಡದ್ದು. 2007ರ ಕಾಯ್ದೆ ಮಕ್ಕಳು ತಂದೆತಾಯಿಯರನ್ನು ಪೋಷಿಸಬೇಕೆನ್ನುತ್ತದೆ. ಪೋಷಿಸಲು ನೌಕರಿ ಬಿಟ್ಟ ಮಗಳ ಏಳು ವರ್ಷದ ಭವಿಷ್ಯನಿಧಿಯ ಬಗ್ಗೆ ಅದರಲ್ಲಿ ಮಾತಿಲ್ಲ. ಶ್ರದ್ಧಾಂಜಲಿ ಸಭೆಯಲ್ಲಿ ವಿಮಾನದಲ್ಲಿ ಬಂದ ಗಂಡುಮಕ್ಕಳ ಹೆಸರು ಮೊದಲು, ಆರೈಕೆ ಮಾಡಿದವಳ ಹೆಸರು ಅಡುಗೆಯವರ ಸಮೀಪ. ಪುಣೆಯ ಆ ಮನೆಯಲ್ಲಿ ಅಣ್ಣ ಮೂರನೆಯ ತಿಂಗಳಲ್ಲಿ ಬಂದು, ಆಸ್ತಿಯ ಕಾಗದಕ್ಕೂ ಮೊದಲು, ಔಷಧ, ಡೈಪರು, ಸೇವಕಿಯ ಸಂಬಳದ ಲೆಕ್ಕದ ಪುಸ್ತಕವನ್ನು ತಂಗಿಯ ಎದುರು ಕೂತು ಪುಟಪುಟವಾಗಿ ಓದಿದರು. 'ಇಷ್ಟೆಲ್ಲ ನೀ ಒಬ್ಬಾಕಿನ ಮಾಡೀದಿ, ತಂಗಿ, ನನಗ ಗೊತ್ತಿರಲಿಲ್ಲ' ಎಂದರಂತೆ. ಅರ್ಧ ಖರ್ಚು ಕೊಟ್ಟರು. ಆ ದಿನ ಆಕೆ ಮೊದಲ ಬಾರಿಗೆ ಗಟ್ಟಿಯಾಗಿ ಅತ್ತರೆಂದು ಅತ್ತಿಗೆ ಹೇಳಿದರು. ಯಾರೂ ಆರ್ತಧ್ಯಾನದ ಮಾತೆತ್ತಲಿಲ್ಲ.