ಚಿತ್ತೆಯ ಕೆಳಗೆ ಮೂರೂವರೆ ಮುಷ್ಟಿ

ಹೊಸದಾಗಿ ಬೈನಾಕ್ಯುಲರ್ ಕೈಗೆ ಬಂದವರು ಮೊದಲು ಏನು ನೋಡಬೇಕು? ನೆಟ್‌ನಲ್ಲಿ ಹುಡುಕಿದ್ರೆ ಚಂದ್ರನ ಕುಳಿಗಳು, ಗುರುವಿನ ಉಪಗ್ರಹಗಳು ಅಂತ ಪಟ್ಟಿ ಸಿಗುತ್ತೆ. ತಪ್ಪೇನಿಲ್ಲ, ಅವನ್ನೂ ನೋಡಿ. ಆದ್ರೆ ಮೇ ತಿಂಗಳ ರಜೆಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಹೋಗುವ ನಮ್ಮಂಥವರು ಮೊದಲು ನೋಡಬೇಕಾದದ್ದು ಒಮೇಗಾ ಸೆಂಟಾರಿ ಅನ್ನೋದು ನಮ್ಮ ವಾದ.

ಇದು ಸುಮಾರು 17,000 ಜ್ಯೋತಿರ್ವರ್ಷ ದೂರದ ನಕ್ಷತ್ರಗುಚ್ಛ. ಹೆಚ್ಚುಕಮ್ಮಿ ಒಂದು ಕೋಟಿ ನಕ್ಷತ್ರಗಳು ಒಂದೇ ಉಂಡೆಯಾಗಿವೆ. ಬರಿಗಣ್ಣಿಗೆ ಒಂದೇ ಚುಕ್ಕಿಯಂತೆ ಕಾಣುವುದರಿಂದ ಹಿಂದಿನವರು ಇದನ್ನು ನಕ್ಷತ್ರವೆಂದೇ ಪಟ್ಟಿಗೆ ಸೇರಿಸಿದ್ದರು. ಇದು ನಕ್ಷತ್ರವಲ್ಲ, ಮಸುಕಾದ ಬೇರೇನೋ ಎಂದು ಎಡ್ಮಂಡ್ ಹ್ಯಾಲಿ ಗುರುತಿಸಿದ್ದು 1677ರಲ್ಲಿ, ಸೇಂಟ್ ಹೆಲೆನಾ ದ್ವೀಪದಿಂದ. ಲಂಡನ್ನಿನಲ್ಲಿ ಇದು ಉದಯಿಸುವುದೇ ಇಲ್ಲ! ಹ್ಯಾಲಿ ಹಡಗು ಹತ್ತಿ ಹೋಗಿ ನೋಡಿದ್ದು ನಮಗೆ ಮಾಳಿಗೆ ಮೇಲೆ ಸಿಗುತ್ತೆ.

ಲೆಕ್ಕ ನೋಡೋಣ. ಜಮಖಂಡಿ 16.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಗುಚ್ಛ ಖಗೋಳ ವಿಷುವದಿಂದ 47.5 ಡಿಗ್ರಿ ದಕ್ಷಿಣಕ್ಕಿದೆ. 90ರಿಂದ ಎರಡನ್ನೂ ಕಳೆದರೆ 26. ಅಂದ್ರೆ ಗುಚ್ಛ ದಕ್ಷಿಣ ದಿಗಂತದಿಂದ 26 ಡಿಗ್ರಿ ಎತ್ತರಕ್ಕೆ ಬರುತ್ತೆ. ಉಳಿದ ಮೂರು ಊರುಗಳಲ್ಲೂ ಲೆಕ್ಕ ಹೆಚ್ಚು ಬದಲಾಗಲ್ಲ.

ಹುಡುಕೋದು ಸುಲಭ. ಸಪ್ತರ್ಷಿ ಮಂಡಲದ ಬಾಲದ ಬಾಗನ್ನು ಹಾಗೇ ಮುಂದುವರಿಸಿದರೆ ಮೊದಲು ಸ್ವಾತಿ, ಆಮೇಲೆ ಚಿತ್ತೆ. ಮೇ ಮಧ್ಯದಲ್ಲಿ ರಾತ್ರಿ ಹತ್ತೂವರೆ ಸುಮಾರಿಗೆ ಚಿತ್ತೆ ನೇರ ದಕ್ಷಿಣಕ್ಕೆ ಬರುತ್ತೆ. ಆಗ ಗುಚ್ಛ ಅದರ ನೇರ ಕೆಳಗೆ, 36 ಡಿಗ್ರಿ ದೂರದಲ್ಲಿ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ಅಂಥ ಮೂರೂವರೆ ಮುಷ್ಟಿ ಕೆಳಗಿಳಿದು, ಬೈನಾಕ್ಯುಲರನ್ನು ನಿಧಾನಕ್ಕೆ ಎಡಬಲ ಸರಿಸಿ.

10x50 ಬೈನಾಕ್ಯುಲರ್ ಸಾಕು. ಇದಕ್ಕಿಂತ ಹೆಚ್ಚು ಪವರ್ ಇದ್ದರೆ ಕೈ ನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತೆ. ಕುರ್ಚಿ ಹಾಕಿ ಕೂತು ಮೊಣಕೈಗಳನ್ನು ಮಾಳಿಗೆಯ ಗೋಡೆಗೆ ಊರಿ. ಮೊದಲು ಚಿತ್ತೆ ಸೂಜಿಮೊನೆಯಂತೆ ಆಗುವವರೆಗೆ ಫೋಕಸ್ ಮಾಡಿ, ಆಮೇಲೆ ಆ ಗಾಲಿ ಮುಟ್ಟಬೇಡಿ. ಸುತ್ತಲಿನ ಚುಕ್ಕಿಗಳೆಲ್ಲ ಚೂಪಾಗಿದ್ದು, ಒಂದು ಮಾತ್ರ ಹತ್ತಿಯುಂಡೆಯಂತೆ ಮಸುಕಾಗೇ ಉಳಿದರೆ ಅದೇ ಒಮೇಗಾ ಸೆಂಟಾರಿ. ಎಲ್ಲವೂ ಮಸುಕಾಗಿದ್ದರೆ ಫೋಕಸ್ ತಪ್ಪಿದೆ, ಇಲ್ಲವೇ ತೆಳುಮೋಡ ಬಂದಿದೆ.

ಅಮಾವಾಸ್ಯೆಯ ಆಸುಪಾಸಿನ ದಿನ ಆರಿಸಿ. ಊರಿನ ದಕ್ಷಿಣದ ಅಂಚಿಗೆ ಹೋದರೆ ದೀಪಗಳು ಬೆನ್ನಿಗಿರುತ್ತವೆ. ಇಪ್ಪತ್ತು ನಿಮಿಷ ಮೊಬೈಲ್ ನೋಡದೆ ಇರಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಬೇಸಿಗೆಯ ಧೂಳು ಹೆಚ್ಚಿದ್ದ ದಿನ ಕಾಣದೇ ಹೋಗಬಹುದು, ಒಂದು ಮಳೆ ಬಿದ್ದು ಆಕಾಶ ತೊಳೆದ ಮೇಲೆ ಮತ್ತೆ ನೋಡಿ.

ಫೋಟೊದಲ್ಲಿ ಮಿನುಗುವ ಸಾವಿರಾರು ಚುಕ್ಕಿಗಳು ಬೈನಾಕ್ಯುಲರಿನಲ್ಲಿ ಬಿಡಿಬಿಡಿಯಾಗಿ ಕಾಣಲ್ಲ. ಕಾಣೋದು ಬೂದು ಬಣ್ಣದ ಒಂದು ಮಸುಕು, ಅಷ್ಟೇ. ಆದ್ರೆ ಆ ಮಸುಕಿನಲ್ಲಿ ಒಂದು ಕೋಟಿ ಸೂರ್ಯರಿದ್ದಾರೆ, ಅದೂ ಬನಹಟ್ಟಿಯ ಮಾಳಿಗೆಯಿಂದಲೇ ಕಾಣುತ್ತೆ ಅಂದ್ರೆ ಕಡಿಮೆಯೇನ್ರಿ?